ವೀಕ್ಷಕರ ಭೇಟಿಯಲ್ಲಿ 12 ನಿಮಿಷ: ಥ್ಯಾಂಕ್ಸ್ ಹೇಳುವುದು ಹೇಗೆ, ತಪ್ಪು ಒಪ್ಪಿಕೊಳ್ಳುವುದು ಹೇಗೆ?

ಪ್ರಶ್ನೆ: ನಮಸ್ಕಾರ. ನಾನು ದಾವಣಗೆರೆಯಲ್ಲಿ ಮನೆಯಿಂದಲೇ ಬ್ಲೌಸ್ ಕಟಿಂಗ್, ಹೊಲಿಗೆ ಹೇಳಿಕೊಡುವ ಯೂಟ್ಯೂಬ್ ಚಾನೆಲ್ ನಡೆಸುತ್ತೇನೆ. ಮುಂದಿನ ತಿಂಗಳು ಮೊದಲ ಸಲ ವೀಕ್ಷಕರನ್ನು ಭೇಟಿ ಮಾಡುತ್ತಿದ್ದೇನೆ, ಸುಮಾರು 40 ಜನ ಬರಬಹುದು, ನಾನು 12 ನಿಮಿಷ ಮಾತಾಡಬೇಕು. ಥ್ಯಾಂಕ್ಸ್ ಹೇಳಬೇಕು, ಕಲಿತದ್ದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು ಅಂತ ಆಸೆ. ಆದರೆ ಬರೆದು ನೋಡಿದರೆ ಸನ್ಮಾನ ಸಮಾರಂಭದ ಭಾಷಣದ ಹಾಗೆ ಕಾಣುತ್ತಿದೆ. ತಪ್ಪುಗಳೂ ಆಗಿವೆ. ಲೈನಿಂಗ್ ಬಟ್ಟೆ ಮೊದಲೇ ನೆನೆಸಬೇಕು ಅಂತ ಒಂದು ವಿಡಿಯೋದಲ್ಲಿ ಹೇಳಿರಲಿಲ್ಲ, ಕೆಲವರ ಬ್ಲೌಸ್ ಹಾಳಾಯಿತು. ಒಂದು ಕಂಪನಿ ಫ್ರೀಯಾಗಿ ಕೊಟ್ಟ ಮಷಿನ್ ಹೊಗಳಿದ್ದೆ, ಫ್ರೀ ಅಂತ ಹೇಳಿರಲಿಲ್ಲ. ಇವನ್ನೆಲ್ಲ ಅಲ್ಲಿ ಹೇಳಬೇಕಾ? ದುಡ್ಡಿನ ಬಗ್ಗೆ ಯಾರಾದರೂ ಕೇಳಿದರೆ ಏನು ಹೇಳಲಿ?

ಉತ್ತರ: ನೀವು ಬಹುಶಃ ಹಾಳೆಯನ್ನು ಎರಡು ಭಾಗ ಮಾಡಿದ್ದೀರಿ. ಮೊದಲರ್ಧ ಥ್ಯಾಂಕ್ಸ್, ಎರಡನೇ ಅರ್ಧ 'ನಾನು ಕಲಿತದ್ದು'. ನನ್ನ ಹತ್ತಿರ ತಿದ್ದಲು ಬರುವ ಮಾತುಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ಇದರಲ್ಲಿ ಮೊದಲರ್ಧ ಯಾರಿಗೂ ತಾಗುವುದಿಲ್ಲ, ಯಾಕೆಂದರೆ 'ನಿಮ್ಮ ಪ್ರೀತಿ, ನಿಮ್ಮ ಬೆಂಬಲ' ಅನ್ನುವುದನ್ನು ಯಾವ ಚಾನೆಲ್‌ನವರು ಬೇಕಾದರೂ ಯಾವ ಊರಿನಲ್ಲಿ ಬೇಕಾದರೂ ಹೇಳಬಹುದು. ಎರಡನೇ ಅರ್ಧ ಉಪದೇಶವಾಗುತ್ತದೆ. 'ತಾಳ್ಮೆ ಬೇಕು, ಸೋಲಿಗೆ ಹೆದರಬಾರದು' ಅಂತ ಕೇಳುವುದಕ್ಕೆ ಹರಿಹರದಿಂದ, ರಾಣೆಬೆನ್ನೂರಿನಿಂದ ಯಾರೂ ಬಸ್ ಹತ್ತಿ ಬರುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲೇ ದಾರಿ ಇದೆ. ಲೈನಿಂಗ್ ವಿಷಯ ನಿಮಗೆ ಗೊತ್ತಾದದ್ದು ಹೇಗೆ? ಯಾರೋ ಕಾಮೆಂಟ್ ಹಾಕಿದರು, ಅಲ್ವಾ? ಹಾಗಾದರೆ ನಿಮಗೆ ಪಾಠ ಕಲಿಸಿದವರೂ ನೀವು ಥ್ಯಾಂಕ್ಸ್ ಹೇಳಬೇಕಾದವರೂ ಒಬ್ಬರೇ. ಎರಡನ್ನೂ ಒಂದೇ ಕಥೆಯಲ್ಲಿ ಹೇಳಿಬಿಡಿ. ವೀಕ್ಷಕರೊಬ್ಬರು ಇಂಥದ್ದು ಮಾಡಿದರು, ಅದರಿಂದ ನನ್ನ ಕೆಲಸದಲ್ಲಿ ಇಂಥದ್ದು ಬದಲಾಯಿತು. ಇಂಥ ಎರಡು ಕಥೆ ಸಿಕ್ಕರೆ 12 ನಿಮಿಷಕ್ಕೆ ಸಾಕು. ಮೂರನೆಯದು ಬೇಡ.

ಮಾತು ಬರೆಯುವ ಮುಂಚೆ ಒಂದು ಕೆಲಸ ಮಾಡಿ. ಯೂಟ್ಯೂಬ್ ಸ್ಟುಡಿಯೋದಲ್ಲಿ ಕಾಮೆಂಟ್‌ಗಳ ಪುಟ ತೆರೆದು ಹಳೆಯದನ್ನೆಲ್ಲ ಓದಿ. ಹೊಗಳಿಕೆಗಳನ್ನು ಬಿಟ್ಟುಬಿಡಿ. ಪ್ರಶ್ನೆ ಕೇಳಿದವರು, 'ಅಕ್ಕ, ಇದು ಸರಿ ಬರಲಿಲ್ಲ' ಅಂದವರು, ಇನ್ನೊಬ್ಬರ ಪ್ರಶ್ನೆಗೆ ನಿಮಗಿಂತ ಮೊದಲೇ ಉತ್ತರ ಕೊಟ್ಟವರು, ಇವರನ್ನು ಬೇರೆ ಬರೆದುಕೊಳ್ಳಿ. ನಿಮ್ಮ ಮುಂದಿನ ವಿಡಿಯೋವನ್ನು ನಿಜವಾಗಿ ಬದಲಿಸಿದ ಕಾಮೆಂಟ್ ಯಾವುದು ಅಂತ ಹುಡುಕಿ. ಕೆಲವೇ ಸಿಗುತ್ತವೆ. ಮಾತಿಗೆ ಬೇಕಾದದ್ದು ಅವೇ.

ಈಗ ಲೈನಿಂಗ್ ಕಥೆಯನ್ನೇ ತೆಗೆದುಕೊಳ್ಳೋಣ. ಇದನ್ನು ಎರಡು ರೀತಿ ಹೇಳಬಹುದು. ಒಂದು: 'ನನ್ನಿಂದಲೂ ತಪ್ಪುಗಳಾಗಿವೆ, ಕ್ಷಮಿಸಿ, ನಿಮ್ಮಿಂದ ತುಂಬಾ ಕಲಿತೆ.' ಇದು ಕೇಳಲು ವಿನಯವಾಗಿದೆ, ಆದರೆ ಒಳಗೆ ಏನೂ ಇಲ್ಲ. ಯಾವ ತಪ್ಪು, ಯಾರಿಗೆ ನಷ್ಟ, ಈಗ ಏನು ಬದಲಾಗಿದೆ, ಯಾವುದೂ ಗೊತ್ತಾಗುವುದಿಲ್ಲ. ಬ್ಲೌಸ್ ಹಾಳು ಮಾಡಿಕೊಂಡವರು ಅಲ್ಲೇ ಕೂತಿದ್ದರೆ ಅವರಿಗೆ ಸಿಟ್ಟೇ ಬರುತ್ತದೆ.

ಇನ್ನೊಂದು ರೀತಿಯಲ್ಲಿ ಹೇಳಬೇಕಾದರೆ ತಪ್ಪು ಆದದ್ದು ಯಾಕೆ ಅನ್ನುವಲ್ಲಿಗೆ ಹೋಗಬೇಕು. ನಿಮಗೆ ಲೈನಿಂಗ್ ನೆನೆಸಬೇಕು ಅಂತ ಗೊತ್ತಿರಲಿಲ್ಲ ಅಂತ ನನಗೆ ಅನಿಸುವುದಿಲ್ಲ. ಹೊಲಿಗೆ ಬಲ್ಲವರು ಹತ್ತಿ ಲೈನಿಂಗ್ ತಂದ ತಕ್ಷಣ ನೀರಿಗೆ ಹಾಕುತ್ತಾರೆ. ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಕತ್ತರಿ ಹಿಡಿಯುತ್ತಾರೆ. ನೀವೂ ಹಾಗೇ ಮಾಡಿರುತ್ತೀರಿ. ಆದರೆ ಕ್ಯಾಮೆರಾ ಆನ್ ಮಾಡುವ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ. ಅಥವಾ ಶೂಟ್ ಮಾಡಿದ್ದರೂ ಬಕೆಟ್‌ನಲ್ಲಿ ಬಟ್ಟೆ ನೆನೆಯುವುದನ್ನು ಯಾರು ನೋಡುತ್ತಾರೆ ಅಂತ ಎಡಿಟಿಂಗ್‌ನಲ್ಲಿ ಕತ್ತರಿಸಿರುತ್ತೀರಿ. ಕೈಗೆ ರೂಢಿಯಾದ ಕೆಲಸ ಕಲಿಸುವವರ ಕಣ್ಣಿಗೇ ಬೀಳುವುದಿಲ್ಲ. ನಿಮ್ಮ ನಿಜವಾದ ಪಾಠ ಇದು. ಎರಡರಲ್ಲಿ ಯಾವುದು ಆಗಿತ್ತು ಅಂತ ನಿಮಗೇ ಗೊತ್ತು. ಆದದ್ದನ್ನೇ ಹೇಳಿ.

ನಷ್ಟ ಎಷ್ಟಾಯಿತು ಅನ್ನುವುದನ್ನೂ ಇಂಚಿನಲ್ಲಿ ಹೇಳಿ. ಮುಂದೆ ಕೂತವರೆಲ್ಲ ಟೇಪ್ ಹಿಡಿದವರೇ. ಹತ್ತಿ ಬಟ್ಟೆ ನೂರಕ್ಕೆ 3ರಷ್ಟು ಕುಗ್ಗಿತು ಅಂತ ಇಟ್ಟುಕೊಳ್ಳಿ. 36 ಇಂಚಿನ ಎದೆ ಸುತ್ತಳತೆಯಲ್ಲಿ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿಯೇ ಹೋಯಿತು. ಮೇಲಿನ ಬಟ್ಟೆ ಸಿಂಥೆಟಿಕ್ ಆಗಿದ್ದರೆ ಅದು ಅಷ್ಟು ಕುಗ್ಗುವುದಿಲ್ಲ. ಒಳಗಿನದು ಎಳೆಯುತ್ತದೆ, ಹೊರಗಿನದು ಸುಕ್ಕುಗಟ್ಟುತ್ತದೆ, ತೋಳು ಬಿಗಿಯುತ್ತದೆ. ಒಳಗೆ ಮಾರ್ಜಿನ್ ಬಿಟ್ಟವರು ಬಿಚ್ಚಿ ಸರಿಮಾಡಿಕೊಂಡಿರುತ್ತಾರೆ. ಬಿಡದವರ ಸೀರೆಯ ಬ್ಲೌಸ್ ಪೀಸ್ ಹೋದಂತೆಯೇ, ಆ ಬಣ್ಣ ಮತ್ತೆ ಅಂಗಡಿಯಲ್ಲಿ ಸಿಗುವುದಿಲ್ಲ.

ಇಷ್ಟನ್ನು ಸೇರಿಸಿ ನಾನು ಒಂದು ಕರಡು ಬರೆದಿದ್ದೇನೆ. ಇದು ಬರೀ ಅಚ್ಚು. ವಿವರ ನಿಮ್ಮದು ಹಾಕಿ, ಮಾತಿನ ಧಾಟಿಯೂ ವಿಡಿಯೋದಲ್ಲಿ ನೀವು ಮಾತಾಡುವ ಹಾಗೇ ಇರಲಿ.

'ನಿಮ್ಮಲ್ಲಿ ಒಬ್ಬರು ನಂಗೆ ಒಂದು ಫೋಟೋ ಕಳಿಸಿದ್ದರು. ನನ್ನ ವಿಡಿಯೋ ನೋಡಿ ಹೊಲಿದ ಬ್ಲೌಸ್. ಒಂದು ಸಲ ಒಗೆದಿದ್ದಾರೆ, ತೋಳು ಮೇಲೆ ಹತ್ತುತ್ತಿಲ್ಲ. ಅವರು ಬೈದಿರಲಿಲ್ಲ. "ಅಕ್ಕ, ನಾನೆಲ್ಲಿ ತಪ್ಪು ಮಾಡಿದೆ?" ಅಂತ ಕೇಳಿದ್ದರು. ವಿಡಿಯೋ ಹಾಕಿಕೊಂಡು ನೋಡಿದೆ. ಅವರು ಎಲ್ಲೂ ತಪ್ಪು ಮಾಡಿರಲಿಲ್ಲ. ಲೈನಿಂಗ್ ನೆನೆಸಿ ಅನ್ನೋ ಮಾತು ವಿಡಿಯೋದಲ್ಲಿ ಇರಲೇ ಇಲ್ಲ. ನಾನು ನೆನೆಸಿದ್ದೆ, ತೋರಿಸಿರಲಿಲ್ಲ. ವಿಡಿಯೋ ಉದ್ದ ಆಗುತ್ತೆ ಅಂತ ತೆಗೆದುಹಾಕಿದ್ದೆ. ಅವತ್ತಿಂದ ನನ್ನ ಪ್ರತಿ ಬ್ಲೌಸ್ ವಿಡಿಯೋದ ಮೊದಲ ನಿಮಿಷದಲ್ಲಿ ಬಕೆಟ್ ಬರುತ್ತೆ, ನೋಡಿರ್ತೀರ. ಬಕೆಟ್ ಯಾಕೆ ಅಂತ ತುಂಬಾ ಜನ ಕೇಳ್ತಾರೆ. ಆ ಫೋಟೋ ಕಳಿಸಿದವರಿಂದ. ಅವರಿಗೆ ಥ್ಯಾಂಕ್ಸ್. ಅವರು ಕೇಳದೆ ಸುಮ್ಮನಿದ್ದಿದ್ದರೆ ಇನ್ನೆಷ್ಟು ಜನರ ಬಟ್ಟೆ ಹೋಗ್ತಿತ್ತೋ.'

ಇದನ್ನು ಹೇಳಲು ಸುಮಾರು ಒಂದು ನಿಮಿಷ ಬೇಕಾಗಬಹುದು. ಇಲ್ಲಿ ಕ್ಷಮಿಸಿ ಅನ್ನುವ ಪದವೇ ಇಲ್ಲ, ಆದರೂ ಹೊಣೆ ಯಾರದ್ದು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಫೋಟೋ ಕಳಿಸಿದವರ ಹೆಸರು ನಾನು ಬೇಕಂತಲೇ ಹಾಕಿಲ್ಲ. ಹೆಸರು ಹೇಳಬೇಕಾದರೆ ಅವರನ್ನು ಮೊದಲೇ ಕೇಳಿ. ನಾಲ್ಕು ಜನರ ಮುಂದೆ 'ಇವರ ಬ್ಲೌಸ್ ಹಾಳಾಯಿತು' ಅನ್ನಿಸಿಕೊಳ್ಳುವುದು ಎಲ್ಲರಿಗೂ ಇಷ್ಟವಾಗುವುದಿಲ್ಲ. ಮೆಂಬರ್‌ಶಿಪ್ ತೆಗೆದುಕೊಂಡವರ ವಿಷಯದಲ್ಲಿ ಇನ್ನೂ ಜೋಪಾನ. ತಿಂಗಳಿಗೆ ಇಷ್ಟು ಅಂತ ಕಟ್ಟುತ್ತಿರುವುದನ್ನು ಕೆಲವರು ಮನೆಯಲ್ಲಿ ಹೇಳಿರುವುದಿಲ್ಲ. ಅತ್ತೆಯನ್ನೋ ಗಂಡನನ್ನೋ ಕರೆದುಕೊಂಡು ಬಂದಿರುತ್ತಾರೆ, ನೀವು ವೇದಿಕೆ ಮೇಲಿಂದ ಮೆಂಬರ್‌ಗಳ ಪಟ್ಟಿ ಓದಿದರೆ ಮನೆಗೆ ಹೋದ ಮೇಲೆ ಬೇರೆ ಕಥೆ ಶುರುವಾಗುತ್ತದೆ. ಅದೂ ಅಲ್ಲದೆ, ದುಡ್ಡು ಕಟ್ಟಿದವರಿಗೆ ಮೊದಲು ಥ್ಯಾಂಕ್ಸ್ ಹೇಳಿದರೆ ಕಾಮೆಂಟ್ ಹಾಕಿದವರು ಎರಡನೇ ಸಾಲಿಗೆ ಸರಿದ ಹಾಗೆ ಆಗುತ್ತದೆ. ನನ್ನನ್ನು ಕೇಳಿದರೆ ಪಟ್ಟಿ ಓದಲೇಬೇಡಿ.

ಮಾತಿಗೆ ಮುಂಚೆ ಇನ್ನೊಂದು ಆಗಬೇಕು. ಆ ಹಳೆಯ ವಿಡಿಯೋ ಇನ್ನೂ ಹಾಗೇ ಇದೆಯಾ? ಭೇಟಿಯಲ್ಲಿ ತಪ್ಪು ಒಪ್ಪಿಕೊಂಡು, ಅದೇ ಸಂಜೆ ಯಾರೋ ಹೊಸಬರು ಆ ವಿಡಿಯೋ ನೋಡಿ ಬಟ್ಟೆ ಕತ್ತರಿಸಿದರೆ ಒಪ್ಪಿಕೊಂಡು ಏನು ಬಂತು? ಯೂಟ್ಯೂಬ್‌ನಲ್ಲಿ ಹಾಕಿದ ವಿಡಿಯೋವನ್ನು ಅದೇ ಲಿಂಕ್‌ನಲ್ಲಿ ಬೇರೆಯದಕ್ಕೆ ಬದಲಿಸಲು ಆಗುವುದಿಲ್ಲ. ಸ್ಟುಡಿಯೋದ ಎಡಿಟರ್‌ನಲ್ಲಿ ಒಂದು ಭಾಗ ಕತ್ತರಿಸಬಹುದು, ಆದರೆ ನಿಮ್ಮ ತಪ್ಪು ಇರುವುದು ಇಲ್ಲದ ಭಾಗದಲ್ಲಿ. ಹಾಗಾಗಿ ವಿವರಣೆಯ ಮೊದಲ ಸಾಲಿನಲ್ಲೇ ನೆನೆಸುವ ವಿಷಯ ಬರೆಯಿರಿ, ಅದನ್ನೇ ಕಾಮೆಂಟ್ ಆಗಿ ಹಾಕಿ ಪಿನ್ ಮಾಡಿ. ಒಂದು ವಿಡಿಯೋಗೆ ಒಂದೇ ಕಾಮೆಂಟ್ ಪಿನ್ ಆಗುತ್ತದೆ, ಹಳೆಯದು ಏನಾದರೂ ಇದ್ದರೆ ಅದು ಜಾಗ ಬಿಟ್ಟುಕೊಡಬೇಕು. ಫುಲ್ ಸ್ಕ್ರೀನ್‌ನಲ್ಲಿ ನೋಡುವವರಿಗೆ ಇವೆರಡೂ ಕಾಣುವುದಿಲ್ಲ. ಅದು ಇದರ ಮಿತಿ. ಆ ವಿಡಿಯೋ ಈಗಲೂ ಚೆನ್ನಾಗಿ ಓಡುತ್ತಿದ್ದರೆ ಹೊಸದಾಗಿ ಶೂಟ್ ಮಾಡಿ ಹಾಕಿ, ಹಳೆಯದನ್ನು ಪ್ರೈವೇಟ್ ಮಾಡುವುದೇ ಸರಿ. ವ್ಯೂಸ್ ಹೋಗುತ್ತದೆ, ನಿಜ.

ಎರಡನೇ ಕಥೆ ಮಷಿನ್‌ದು. ಇದನ್ನು ಹೇಳಬೇಕಾ ಅಂತ ಕೇಳಿದ್ದೀರಿ. ಯಾವ ತಪ್ಪನ್ನು ಹೇಳಬೇಕು, ಯಾವುದನ್ನು ಬಿಡಬೇಕು ಅನ್ನುವುದಕ್ಕೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಅದರಿಂದ ವೀಕ್ಷಕರ ದುಡ್ಡೋ ಸಮಯವೋ ಹೋಗಿರಬಹುದಾ? ಹೋಗಿದ್ದರೆ ಹೇಳಬೇಕು. ನಿಮಗೆ ಬೇಸರವಾಗಿದ್ದು, ನೆಂಟರು ಆಡಿಕೊಂಡಿದ್ದು, ಇನ್ನೊಂದು ಚಾನೆಲ್‌ನವರು ನಿಮ್ಮ ಐಡಿಯಾ ತೆಗೆದುಕೊಂಡಿದ್ದು, ಇವು ನಿಮಗೆ ದೊಡ್ಡದಿರಬಹುದು. ಆದರೆ ಅಲ್ಲಿ ಹೇಳಿದರೆ ಬಂದವರು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಅದಕ್ಕೆ ಅವರು ಬಂದಿಲ್ಲ. ಮಷಿನ್ ವಿಷಯದಲ್ಲಿ, ನಿಮ್ಮ ಮಾತು ನಂಬಿ ಯಾರಾದರೂ ಸಾವಿರಾರು ರೂಪಾಯಿ ಕೊಟ್ಟು ಕೊಂಡಿರಬಹುದು. ಹಾಗಾಗಿ ಹೇಳಲೇಬೇಕು.

ಇದು ಬರೀ ಮನಸ್ಸಾಕ್ಷಿಯ ಪ್ರಶ್ನೆಯಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ದುಡ್ಡು ತೆಗೆದುಕೊಂಡರೆ ಮಾತ್ರ ಹೇಳಬೇಕು ಅಂತಿಲ್ಲ, ಫ್ರೀಯಾಗಿ ಬಂದ ವಸ್ತುವೂ ಲೆಕ್ಕಕ್ಕೆ ಬರುತ್ತದೆ. ವಿಡಿಯೋದಲ್ಲಿ ಹೊಗಳಿದರೆ ಆ ವಿಷಯ ವಿಡಿಯೋದಲ್ಲೇ ಬರಬೇಕು, ಕೆಳಗೆ ವಿವರಣೆಯಲ್ಲಿ ಬರೆದರೆ ಸಾಲದು. ಹೊಗಳಿದ ಭಾಷೆಯಲ್ಲೇ ಹೇಳಬೇಕು. ಅಂದರೆ ಕನ್ನಡದಲ್ಲಿ ಮಷಿನ್ ಹೊಗಳಿ, ಮೂಲೆಯಲ್ಲಿ ಇಂಗ್ಲಿಷ್‌ನಲ್ಲಿ ಸಣ್ಣಕ್ಕೆ ಬರೆದರೆ ಆಗುವುದಿಲ್ಲ. ಯೂಟ್ಯೂಬ್‌ನದ್ದೂ ಒಂದು ನಿಯಮ ಇದೆ. ಸ್ಟುಡಿಯೋದಲ್ಲಿ ವಿಡಿಯೋ ವಿವರದ ಕೆಳಗೆ ಪೇಯ್ಡ್ ಪ್ರಮೋಷನ್ ಅಂತ ಒಂದು ಟಿಕ್ ಇರುತ್ತದೆ. ಹಾಕಿದರೆ ವಿಡಿಯೋ ಶುರುವಾದಾಗ ಕೆಲವು ಸೆಕೆಂಡ್ `Includes paid promotion` ಅಂತ ಕಾಣುತ್ತದೆ.

ನಿಮ್ಮ ಹಳೆಯ ವಿಡಿಯೋಗೆ ಟಿಕ್ ಈಗಲೂ ಹಾಕಬಹುದು, ಇವತ್ತೇ ಹಾಕಿ. ಒಳಗೆ ಮಾತು ಸೇರಿಸಲು ಆಗುವುದಿಲ್ಲವಾದ್ದರಿಂದ ಆ ವಿಡಿಯೋವನ್ನು ಪ್ರೈವೇಟ್ ಮಾಡಿ, ಮಷಿನ್ ಫ್ರೀಯಾಗಿ ಬಂದದ್ದು ಅಂತ ಮೊದಲೇ ಹೇಳಿ ಹೊಸದು ಮಾಡುವುದು ಒಳ್ಳೆಯದು. ಅದರಲ್ಲಿ ಇಷ್ಟು ದಿನ ಬಳಸಿದ ಮೇಲೆ ಮಷಿನ್ ಹೇಗಿದೆ ಅಂತಲೂ ಹೇಳಬಹುದು. ಭೇಟಿಯಲ್ಲಿ ಇದಕ್ಕೆ ಮೂರು ವಾಕ್ಯ ಸಾಕು: 'ಆ ಮಷಿನ್ ನಾನು ಕೊಂಡದ್ದಲ್ಲ, ಕಂಪನಿ ಕೊಟ್ಟದ್ದು. ಅದನ್ನು ವಿಡಿಯೋದಲ್ಲಿ ಹೇಳಬೇಕಿತ್ತು, ಹೇಳಲಿಲ್ಲ. ಈಗ ಆ ವಿಡಿಯೋ ತೆಗೆದಿದ್ದೇನೆ, ಮಷಿನ್ ಬಗ್ಗೆ ಏನೇ ಕೇಳಬೇಕಿದ್ದರೂ ಊಟದ ಹೊತ್ತಿಗೆ ಕೇಳಿ.' ಕಂಪನಿಯನ್ನು ಬೈಯಬೇಡಿ. ಹೇಳದೇ ಇದ್ದದ್ದು ನೀವು. ಕಂಪನಿ ಜೊತೆ ಏನಾದರೂ ಸಹಿ ಹಾಕಿದ್ದರೆ ಆ ಕಾಗದವನ್ನು ಒಮ್ಮೆ ಓದಿ. ಒಪ್ಪಂದದ ಮೊತ್ತ, ಷರತ್ತು ಹೊರಗೆ ಹೇಳಬಾರದು ಅಂತ ಬರೆದಿರುವುದು ಮಾಮೂಲಿ. ವಸ್ತು ಫ್ರೀಯಾಗಿ ಬಂದದ್ದು ಅಂತ ಹೇಳುವುದಕ್ಕೆ ಅದು ಅಡ್ಡಿ ಬರಬಾರದು, ಉಳಿದ ವಿವರಕ್ಕೆ ಹೋಗುವುದು ಬೇಡ.

ಇನ್ನು ದುಡ್ಡು. ಕೇಳಿಯೇ ಕೇಳುತ್ತಾರೆ. ಮಾತಿನ ಮಧ್ಯೆ ನೀವಾಗಿಯೇ ಒಂದು ಲೆಕ್ಕ ಕೊಟ್ಟರೆ ಆಮೇಲೆ ಬರುವ ಪ್ರಶ್ನೆ ಅಷ್ಟು ಮುಜುಗರ ತರುವುದಿಲ್ಲ. ಚಾನೆಲ್‌ಗೆ ಜಾಹೀರಾತಿನ ದುಡ್ಡು ಬರಬೇಕಾದರೆ 1000 ಸಬ್‌ಸ್ಕ್ರೈಬರ್‌ಗಳು ಮತ್ತು 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಬೇಕು. ಶಾರ್ಟ್ಸ್‌ಗೆ ಬೇರೆ ಲೆಕ್ಕ ಇದೆ, ಅದು ಬೇಡ. 4000 ಗಂಟೆ ಅಂದರೆ 2,40,000 ನಿಮಿಷ. ಒಬ್ಬೊಬ್ಬರು ಒಂದು ಸಲಕ್ಕೆ ಸರಾಸರಿ 6 ನಿಮಿಷ ನೋಡಿದರೆ 40,000 ಸಲ ನೋಡಬೇಕು. ಆ ಕೋಣೆಯ 40 ಜನರೇ ನೋಡಿ ಮುಗಿಸಬೇಕಿದ್ದರೆ ತಲೆಗೆ 100 ಗಂಟೆ. ಇದನ್ನು ಅಲ್ಲಿ ಹೇಳಿ. 'ಲಕ್ಷಾಂತರ ಜನರ ಪ್ರೀತಿ' ಅನ್ನುವುದಕ್ಕಿಂತ ಇದು ಹೆಚ್ಚು ತಾಗುತ್ತದೆ, ಯಾಕೆಂದರೆ ಅಡುಗೆ ಮುಗಿಸಿ, ಮಕ್ಕಳನ್ನು ಮಲಗಿಸಿ ನೋಡಿದ ಸಮಯ ಎಷ್ಟು ಅಂತ ಅವರಿಗೆ ಗೊತ್ತು.

ತಿಂಗಳಿಗೆ ಎಷ್ಟು ಬರುತ್ತದೆ ಅನ್ನುವ ಅಂಕಿ ಹೇಳಲೇಬೇಕು ಅಂತೇನೂ ಇಲ್ಲ. ಆದರೆ 'ಅದೆಲ್ಲ ಏನೂ ಬರಲ್ಲ ಬಿಡಿ' ಅಂತ ನಕ್ಕು ತಳ್ಳಬೇಡಿ. ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ದಾರಿಗಳನ್ನು ಹೇಳಿ: ಉದ್ದದ ವಿಡಿಯೋದ ಜಾಹೀರಾತಿನ ಆದಾಯದಲ್ಲಿ ನೂರಕ್ಕೆ 55 ಚಾನೆಲ್‌ಗೆ, ಉಳಿದದ್ದು ಯೂಟ್ಯೂಬ್‌ಗೆ. ಮೆಂಬರ್‌ಶಿಪ್‌ನಲ್ಲಿ ತೆರಿಗೆ ಕಳೆದು ಉಳಿದದ್ದರಲ್ಲಿ ನೂರಕ್ಕೆ 70. ಇವುಗಳಲ್ಲಿ ನಿಮಗೆ ಹೆಚ್ಚು ಬರುವುದು ಯಾವುದರಿಂದ, ಆ ದುಡ್ಡು ಯಾವುದಕ್ಕೆ ಹೋಗುತ್ತದೆ, ಇಷ್ಟು ಹೇಳಿದರೆ ಕೇಳಿದವರಿಗೆ ಉತ್ತರ ಸಿಕ್ಕ ಹಾಗೆ. ಅಂಕಿಯನ್ನೇ ಒತ್ತಿ ಕೇಳಿದರೆ 'ಅದು ಮನೆ ಲೆಕ್ಕ, ಬೇಡ' ಅಂತ ನೇರವಾಗಿ ಹೇಳಿಬಿಡಿ.

ಒಂದು ಮಾತನ್ನು ಮಾತ್ರ ತಮಾಷೆಗೂ ಆಡಬೇಡಿ. 'ನಂಗೆ ಸಹಾಯ ಮಾಡಬೇಕಿದ್ದರೆ ವಿಡಿಯೋದಲ್ಲಿ ಬರುವ ಜಾಹೀರಾತು ಒತ್ತಿ' ಅಂತ ಕೆಲವರು ಇಂಥ ಕಡೆ ಹೇಳಿಬಿಡುತ್ತಾರೆ. ಜಾಹೀರಾತು ಕ್ಲಿಕ್ ಮಾಡಿ ಅಂತ ಕೇಳುವುದು ನಿಮಗೆ ಜಾಹೀರಾತಿನ ದುಡ್ಡು ಕೊಡುವ ಗೂಗಲ್‌ನ ಆಡ್‌ಸೆನ್ಸ್ ನಿಯಮಕ್ಕೆ ವಿರುದ್ಧ. ಅಂಥ ಕ್ಲಿಕ್‌ಗಳ ದುಡ್ಡು ಕಡಿತವಾಗಬಹುದು, ಖಾತೆಯೇ ಬಂದ್ ಆಗಬಹುದು. 40 ಜನರೂ ಒಂದೇ ವೈಫೈಗೆ ಸೇರಿಕೊಂಡು ನಿಮ್ಮ ವಿಡಿಯೋ ಹಚ್ಚಿಟ್ಟು ಕೂರುವುದೂ ಅದೇ ಜಾತಿಗೆ ಸೇರಿದ್ದು. ನಿಮ್ಮ ಮೇಲಿನ ಅಭಿಮಾನಕ್ಕೆ ಯಾರಾದರೂ ತಾವಾಗಿ ಹೀಗೆ ಮಾಡಲು ಹೊರಟರೆ ಬೇಡ ಅನ್ನಿ.

ಈಗ ಮಾತಾಡುವ ರೀತಿ. ನಿಧಾನವಾಗಿ ಮಾತಾಡಿದರೆ ನಿಮಿಷಕ್ಕೆ ಸುಮಾರು 90-100 ಪದ ಹೋಗುತ್ತದೆ. ನಗು, ಚಪ್ಪಾಳೆ, ಮಗು ಅತ್ತದ್ದು ಎಲ್ಲ ಸೇರಿ 12 ನಿಮಿಷಕ್ಕೆ 900 ಪದ ಬರೆದುಕೊಂಡರೆ ಸಾಕು. ಬರೆದದ್ದನ್ನು ಬಾಯಿಪಾಠ ಮಾಡಬೇಡಿ. ವಿಡಿಯೋ ಮಾಡುವವರಿಗೆ ಇಲ್ಲಿ ಒಂದು ವಿಚಿತ್ರ ಕಷ್ಟ ಇದೆ. ಮನೆಯಲ್ಲಿ ತಡವರಿಸಿದರೆ ನಿಲ್ಲಿಸಿ ಮತ್ತೆ ಹೇಳುತ್ತೀರಿ, ಎಡಿಟಿಂಗ್‌ನಲ್ಲಿ ಉಸಿರು ತೆಗೆದುಕೊಂಡದ್ದನ್ನೂ ತೆಗೆಯುತ್ತೀರಿ. ಹಾಗಾಗಿ ಮೌನ ಅಂದರೆ ತಪ್ಪು ಅಂತ ನಿಮ್ಮ ಕಿವಿಗೆ ರೂಢಿಯಾಗಿರುತ್ತದೆ. ಜನರ ಮುಂದೆ ನಿಂತಾಗ ಆ ಮೌನಕ್ಕೆ ಹೆದರಿ ಓಡಿಸಿಕೊಂಡು ಹೋಗುತ್ತೀರಿ, 12 ನಿಮಿಷದ್ದು 7 ನಿಮಿಷಕ್ಕೆ ಮುಗಿಯುತ್ತದೆ. ಮನೆಯಲ್ಲಿ ಫೋನ್ ಆಡಿಯೋ ರೆಕಾರ್ಡ್‌ಗೆ ಹಾಕಿ, ನಿಲ್ಲಿಸದೆ ಒಮ್ಮೆ ಪೂರ್ತಿ ಹೇಳಿ. ನಿಗದಿಗಿಂತ ತುಂಬಾ ಬೇಗ ಮುಗಿದರೆ ಹೊಸ ವಿಷಯ ಸೇರಿಸಬೇಡಿ, ವೇಗ ಇಳಿಸಿ.

ನೋಟವೂ ಹಾಗೇ. ಲೆನ್ಸ್ ನೋಡಿ ಅಭ್ಯಾಸವಾದವರು ಕೋಣೆಯಲ್ಲಿ ಒಂದು ಬಿಂದು ಹುಡುಕಿ ಅಲ್ಲೇ ನೋಡುತ್ತಾರೆ. ಹೆಚ್ಚಿನ ಸಲ ಅದು ರೆಕಾರ್ಡ್ ಮಾಡುತ್ತಿರುವ ಫೋನೇ ಆಗಿರುತ್ತದೆ! ಫೋನ್ ಅನ್ನು ಪಕ್ಕಕ್ಕೆ, ನಿಮ್ಮ ಕಣ್ಣಿನ ನೇರಕ್ಕೆ ಬಾರದ ಕಡೆ ಇಡಿಸಿ. ಕುರ್ಚಿಗಳನ್ನು ಸಾಲಾಗಿ ಹಾಕದೆ ಅರ್ಧಚಂದ್ರದ ಹಾಗೆ ಎರಡು ಸುತ್ತು ಹಾಕಿದರೆ 40 ಜನರಿಗೆ ಮೈಕ್ ಬೇಕಾಗುವುದಿಲ್ಲ. ಫ್ಯಾನ್ ಸದ್ದು ಜೋರಿದ್ದರೆ ಮೈಕ್ ಇಟ್ಟುಕೊಳ್ಳಿ, ಸ್ಪೀಕರ್ ನಿಮಗಿಂತ ಮುಂದೆ ಇರಲಿ. ಹಿಂದೆ ಇದ್ದರೆ ಅದರ ಸದ್ದು ಮತ್ತೆ ಮೈಕ್‌ಗೆ ಹೋಗಿ ಕೀಂ ಅನ್ನುತ್ತದೆ.

ಕಾರ್ಯಕ್ರಮದಲ್ಲಿ ನಿಮ್ಮ ಮಾತನ್ನು ಕೊನೆಗೆ ಇಡಬೇಡಿ. ಬಂದವರಿಗೆ ಚಹಾ, ಪರಿಚಯ ಆದ ಮೇಲೆ ಮೊದಲೇ ಮಾತಾಡಿಬಿಡಿ. ಲೈನಿಂಗ್ ಕಥೆ ಕೇಳಿದ ಮೇಲೆ ಜನ ತಮ್ಮ ಹಾಳಾದ ಬ್ಲೌಸ್‌ಗಳ ಕಥೆ ತೆಗೆಯುತ್ತಾರೆ. ಬ್ಯಾಗಿನಲ್ಲಿ ಒಂದನ್ನು ಹಾಕಿಕೊಂಡೇ ಬಂದವರೂ ಇರಬಹುದು. ಅದಕ್ಕೆ ಕನಿಷ್ಠ ಒಂದು ಗಂಟೆ ಬಿಡಿ. ಒಂದು ಮೇಜು, ಟೇಪ್, ಚಾಕ್, ಸೀಮ್ ಬಿಚ್ಚುವ ರಿಪ್ಪರ್ ಅಲ್ಲಿರಲಿ.

ಆ ದಿನದ ರೆಕಾರ್ಡಿಂಗ್ ಚಾನೆಲ್‌ಗೆ ಹಾಕುವುದಾದರೆ ಬಾಗಿಲಲ್ಲೇ ಹೇಳಿಬಿಡಿ, ಮುಖ ಬರುವುದು ಬೇಡ ಅನ್ನುವವರು ಕ್ಯಾಮೆರಾದ ಹಿಂದಿನ ಕುರ್ಚಿಗಳಲ್ಲಿ ಕೂರಲಿ. ನಿಮ್ಮ 12 ನಿಮಿಷ ಮಾತ್ರ ಹಾಕಿ. ಪ್ರಶ್ನೋತ್ತರ ಶುರುವಾಗುವಾಗ ರೆಕಾರ್ಡಿಂಗ್ ನಿಲ್ಲಿಸಿ, ನಿಲ್ಲಿಸಿದೆ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ. ಮಷಿನ್ ಕೊಂಡವರು ಬಂದಿದ್ದರೆ ಆಗ ಬಾಯಿ ಬಿಡುತ್ತಾರೆ.